ಕನ್ನಡ ಜಾಲತಾಣದಲ್ಲಿ ‘ಉತಾರ’ ಯಾಕೆ ಸಿಗುವುದಿಲ್ಲ?

ಸುರೇಬಾನದ ಸಂತೆಯಲ್ಲಿ ನಿಂತು ‘ಪಹಣಿ’ ಅಂದರೆ ಜನಕ್ಕೆ ಅರ್ಥ ಆಗ್ತದೆ, ಇಲ್ಲವೆಂದಲ್ಲ. ಆದರೆ ಯಾರ ಬಾಯಲ್ಲೂ ಆ ಪದ ಬರುವುದಿಲ್ಲ. ಇಲ್ಲಿ ಅದು ‘ಉತಾರ’. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಮಹಾರಾಷ್ಟ್ರದವರು ಇಂದಿಗೂ ‘ಸಾತ್‌ಬಾರಾ ಉತಾರಾ’ ಅನ್ನುವ ಆ ಕಾಗದದ ಹೆಸರು ನಮ್ಮಲ್ಲೂ ಉಳಿಯಿತು. ‘ಭೂಮಿ’ ಯೋಜನೆ ಬಂದು ದಾಖಲೆ ಕಂಪ್ಯೂಟರಿಗೆ ಹೋಗಿ ಇಪ್ಪತ್ತು ವರ್ಷ ದಾಟಿದರೂ ಹೆಸರು ಬದಲಾಗಿಲ್ಲ.

ಈಚೆಗೆ ರೈತರಿಗೆ ಮಾಹಿತಿ ಕೊಡುವ ಜಾಲತಾಣವೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನಗೆ ಬಂತು. ಇಪ್ಪತ್ತೆರಡು ಪುಟ. ಕಳಿಸಿದವರು ಕೊಟ್ಟದ್ದು ಪುಟಗಳ ಒಳಗಿನ ಬರಹ ಮಾತ್ರ. ಮೆನು, ಪುಟದ ಶೀರ್ಷಿಕೆ, ಚಿತ್ರದ ವಿವರಣೆ ಇವೆಲ್ಲ ಎಲ್ಲಿ ಅಂತ ಕೇಳಿದರೆ, ‘ಅದು ಟೆಕ್ನಿಕಲ್, ನಮ್ಮ ಹುಡುಗ್ರು ನೋಡ್ಕೋತಾರೆ’ ಅಂದರು. ಕನ್ನಡದ ಜಾಲತಾಣಗಳು ಕೆಡುವುದು ಬಹುಪಾಲು ಈ ಮಾತಿನಿಂದಲೇ.

ಕೇಳಿ ಪಡೆದಾಗ ಮೆನುವಿನ ಪದಗಳು ಎಕ್ಸೆಲ್ ಹಾಳೆಯಲ್ಲಿ ಬಂದವು, ಒಂದರ ಕೆಳಗೊಂದು, ಹಿಂದುಮುಂದಿಲ್ಲದೆ. ‘ಮ್ಯುಟೇಶನ್’ ಅನ್ನುವ ಪದಕ್ಕೆ ನಿಘಂಟು ನೋಡಿದವನಿಗೆ ಜೀವಶಾಸ್ತ್ರದ ಅರ್ಥ ಸಿಗ್ತದೆ. ಕಂದಾಯ ಇಲಾಖೆಯಲ್ಲಿ ಅದು ‘ಹಕ್ಕು ಬದಲಾವಣೆ’. ಅಪ್ಪ ತೀರಿಕೊಂಡ ಮೇಲೆ ಮಕ್ಕಳ ಹೆಸರು ಏರಿಸುವುದಾದರೆ ನಮ್ಮ ಕಡೆ ‘ವಾರಸಾ ಮಾಡಿಸೋದು’. ಯಾವ ಗುಂಡಿ ಒತ್ತಿದರೆ ಯಾವ ಪುಟ ತೆರೀತದೆ ಅಂತ ನೋಡದೆ ಮೆನು ಅನುವಾದ ಮಾಡಲಿಕ್ಕೆ ಆಗುವುದೇ ಇಲ್ಲ.

ಕಣ್ಣಿಗೆ ಬೀಳದ ಭಾಗದ ಕಥೆ ಇನ್ನೂ ಗಂಭೀರ. ಉತಾರದ ಪುಟವನ್ನೇ ತಗೊಳ್ಳಿ. ಒಳಗಿನ ಬರಹ ಶುದ್ಧ ಕನ್ನಡ, ಆದರೆ ಎಲ್ಲ ಕಡೆ ‘ಪಹಣಿ’. ಶೀರ್ಷಿಕೆ ಇಂಗ್ಲಿಷಿನಲ್ಲಿತ್ತು. ಚಿತ್ರದ ವಿವರಣೆಯ ಜಾಗದಲ್ಲಿ ಕಡತದ ಹೆಸರು. ಬೆಳೆಸಾಲಕ್ಕೆ ಕಾಗದ ಬೇಕಾದ ರೈತ ಮೊಬೈಲಿನಲ್ಲಿ ‘ಉತಾರ ತೆಗೆಯೋದು ಹೇಗೆ’ ಅಂತ ಹುಡುಕಿದರೆ ಈ ಪುಟ ಮೇಲೆ ಬರಲು ಕಾರಣವೇ ಇಲ್ಲ. ಆತ ಏಜೆಂಟನ ಹತ್ತಿರ ಹೋಗಿ ದುಡ್ಡು ಕೊಟ್ಟು ಬರ್ತಾನೆ. ನಾವು ಕೊನೆಗೆ ಹೀಗೆ ಬರೆದೆವು:

```html
<html lang="kn">
<title>ಉತಾರ (ಪಹಣಿ, ಆರ್‌ಟಿಸಿ) ತೆಗೆಯುವುದು ಹೇಗೆ?</title>
<img src="rtc.jpg" alt="ಉತಾರದ ಮಾದರಿ: 9ನೇ ಕಾಲಮ್ಮಿನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲದ ವಿವರ">
```

ಮೊದಲ ಸಾಲು ಸಣ್ಣದು, ಆದರೆ ಅದರಲ್ಲಿ `en` ಅಂತ ಉಳಿದಿದ್ದರೆ ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಕನ್ನಡವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೋಗಿ ತಡಬಡಿಸುತ್ತದೆ, ಎಷ್ಟೋ ಸಲ ಅಕ್ಷರಗಳನ್ನೇ ಬಿಟ್ಟುಬಿಡುತ್ತದೆ. ಶೀರ್ಷಿಕೆಯಲ್ಲಿ ‘ಉತಾರ’ ಮೊದಲು ಬಂದದ್ದಕ್ಕೂ ಕಾರಣ ಇದೆ. ಗೂಗಲ್ ತನ್ನ ಫಲಿತಾಂಶದ ಸಾಲನ್ನು ಅಗಲ ನೋಡಿ ಕತ್ತರಿಸುತ್ತದೆ, ಕನ್ನಡ ಅಕ್ಷರ ಜಾಗ ಹೆಚ್ಚು ತಿನ್ನುತ್ತವೆ. ಇನ್ನು ಚಿತ್ರದ ವಿವರಣೆ. ‘ಪಹಣಿಯ ಚಿತ್ರ’ ಅಂತ ಬರೆದರೆ ಏನೂ ಹೇಳಿದಂತಾಗಲಿಲ್ಲ. ಆ ಚಿತ್ರ ಅಲ್ಲಿರುವುದು ಎಲ್ಲಿ ಏನು ನೋಡಬೇಕು ಅಂತ ತೋರಿಸಲಿಕ್ಕೆ, ವಿವರಣೆಯೂ ಅದನ್ನೇ ಹೇಳಬೇಕು.

ಜಾಲತಾಣದವರು ನಲವತ್ತು ‘ಕೀವರ್ಡ್’ ಪಟ್ಟಿ ಮಾಡಿಕೊಡಿ ಅಂತಲೂ ಕೇಳಿದ್ದರು. ಪುಟದ ಹಿಂದೆ ಬಚ್ಚಿಡುವ ಆ ಪಟ್ಟಿಯನ್ನು ತಾನು ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಪದಗಳು ಜನ ಓದುವ ಜಾಗದಲ್ಲಿ, ಅಂದರೆ ಶೀರ್ಷಿಕೆಯಲ್ಲಿ, ಉಪಶೀರ್ಷಿಕೆಯಲ್ಲಿ, ಮೊದಲ ಪ್ಯಾರಾದಲ್ಲಿ ಇರಬೇಕು. ಹಾಗಾಗಿ ಪಟ್ಟಿ ಬಿಟ್ಟು, ‘ನಮ್ಮ ಭಾಗದಲ್ಲಿ ಉತಾರ ಎನ್ನುವ ಪಹಣಿ’ ಅಂತ ಒಂದು ವಾಕ್ಯ ಸೇರಿಸಿದೆ. ರೋಮನ್ ಅಕ್ಷರದಲ್ಲಿ ಟೈಪ್ ಮಾಡುವವರ ಪಾಡು ಬೇರೆ: `utara` ಅಂತ ಹೊಡೆದರೆ ಅದು ಉತಾರವೋ ಉತ್ತರವೋ ಯಂತ್ರಕ್ಕೂ ಗೊಂದಲ. ಜೊತೆಗೆ ಆರ್‌ಟಿಸಿ ಅನ್ನುವ ಪದವೂ ಇದ್ದದ್ದು ಅಲ್ಲಿ ಕೆಲಸಕ್ಕೆ ಬರ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಕನ್ನಡ ಬೇಡ ಅಂದೆ. ಅದು ಪುಟದ ವಿಳಾಸ. ‘ಉತಾರ’ ಅನ್ನುವ ಪದವನ್ನು ವಿಳಾಸದಲ್ಲಿ ಹಾಕಿ ವಾಟ್ಸಾಪಿಗೆ ನಕಲು ಮಾಡಿದರೆ ಅದು `%E0%B2%89` ಅಂತ ಶುರುವಾಗಿ ಮೂವತ್ತಾರು ಚಿಹ್ನೆಗಳ ಬಾಲವಾಗಬಹುದು. ಅದನ್ನು ನೋಡಿದವರು ಮೋಸದ ಲಿಂಕ್ ಅಂದುಕೊಂಡು ಒತ್ತುವುದೇ ಇಲ್ಲ. ಕನ್ನಡಾಭಿಮಾನಿ ಗೆಳೆಯರು ಒಪ್ಪಲಿಕ್ಕಿಲ್ಲ, ಇರಲಿ ಬಿಡಿ.

ಕೆಲಸ ಒಪ್ಪಿಸಿಕೊಳ್ಳುವವರು ಪುಟ ಓದಿ ನೋಡಿದರೆ ಸಾಲದು. ಲಿಂಕನ್ನು ವಾಟ್ಸಾಪಿನಲ್ಲಿ ತಮಗೇ ಕಳಿಸಿಕೊಳ್ಳಲಿ: ಕೆಳಗೆ ಮೂಡುವ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಕಂಡರೆ `og:title` ಅನ್ನುವ ಸಾಲು ಅನುವಾದ ಆಗದೆ ಉಳಿದಿರಬಹುದು. ನಮ್ಮ ಇಪ್ಪತ್ತೆರಡು ಪುಟಗಳಲ್ಲಿ ಹತ್ತೊಂಬತ್ತರಲ್ಲಿ ಅದು ಇಂಗ್ಲಿಷಿನಲ್ಲೇ ಇತ್ತು.