ಶನಿವಾರದ ಗಣಿತ ತರಗತಿಗೆ ಬೀಗ: ಚಾಮರಾಜಪೇಟೆಯ ಶಾಲೆಯೊಂದರ ಪ್ರಾಂಶುಪಾಲರಿಗೆ ಬಹಿರಂಗ ಪತ್ರ



ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಪಾಸಾಗುವ ಮಕ್ಕಳಲ್ಲಿ ಬಹಳಷ್ಟು ಮಂದಿ ಎಡವುವುದು ಹತ್ತನೇ ತರಗತಿಯ ಪಾಠದಲ್ಲಲ್ಲ, ಆರು–ಏಳನೇ ತರಗತಿಯಲ್ಲಿ ಅರ್ಧಕ್ಕೆ ಬಿಟ್ಟ ಲೆಕ್ಕದಲ್ಲಿ. ವಾರಾಂತ್ಯದ ಉಚಿತ ಗಣಿತ ತರಗತಿಯ ಪ್ರಸ್ತಾವ ಹುಟ್ಟಿದ್ದು ಇದರಿಂದಲೇ. ಪ್ರಸ್ತಾವದ ಹಿನ್ನೆಲೆ ಪ್ರಾಂಶುಪಾಲರಿಗೂ ಪೋಷಕರಿಗೂ ಗೊತ್ತಿರುವುದೇ: ನಿವೃತ್ತ ಗಣಿತ ಶಿಕ್ಷಕರ ಒಂದು ಗುಂಪು, ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಖಾಲಿ ಬೀಳುವ ಎರಡು ಕೊಠಡಿ, ಎಂಟು–ಒಂಬತ್ತನೇ ತರಗತಿಯ ಮಕ್ಕಳು, ಒಂದೂವರೆ ಗಂಟೆಯ ಪಾಠ. ಜೂನ್ ತಿಂಗಳ ಸಭೆಯಲ್ಲಿ, ಪೋಷಕರ ಎದುರಿನಲ್ಲೇ, ಕೀಲಿ ಕೊಡುವುದಾಗಿ ಮಾತು ಬಂದಿತ್ತು. ಆ ಕೀಲಿ ಇಂದಿಗೂ ಕೈಗೆ ಬಂದಿಲ್ಲ.

ಮಕ್ಕಳ ತೊಂದರೆ ಎಲ್ಲಿದೆ ಎಂಬುದಕ್ಕೆ ಒಂದೇ ಲೆಕ್ಕ ಸಾಕು. ಸಮಾಂತರ ಶ್ರೇಢಿ ಹತ್ತನೇ ತರಗತಿಯ ಸುಲಭ ಅಧ್ಯಾಯಗಳಲ್ಲಿ ಒಂದು. 100, 93, 86 ಎಂಬ ಶ್ರೇಢಿಯ ಹತ್ತನೇ ಪದ ಕಂಡುಹಿಡಿಯಿರಿ ಎಂದರೆ a + (n − 1)d ಎಂಬ ಸೂತ್ರವನ್ನು ಬಹುತೇಕ ಎಲ್ಲ ಮಕ್ಕಳೂ ಬಾಯಿಪಾಠ ಒಪ್ಪಿಸುತ್ತಾರೆ. ಮೊದಲ ಪದ 100, ಸಾಮಾನ್ಯ ವ್ಯತ್ಯಾಸ −7. ಹಾಗಾಗಿ ಉತ್ತರ 100 + 9(−7), ಅಂದರೆ 37. ತಪ್ಪು ಶುರುವಾಗುವುದು ಸೂತ್ರ ಬರೆದಾದ ಮೇಲೆ. ಒಬ್ಬ ಹುಡುಗ 163 ಎನ್ನುತ್ತಾನೆ: ಇಳಿಯುವ ಶ್ರೇಢಿಯಲ್ಲಿ ಋಣ ಚಿಹ್ನೆ ಅವನ ಕೈ ಜಾರಿದೆ. ಇನ್ನೊಬ್ಬಳ ಉತ್ತರ 102: ಆವರಣದ ಪಕ್ಕದ ಅಂಕಿಗೆ ಗುಣಾಕಾರ ಎಂದರ್ಥವೆಂದು ಅವಳಿಗೆ ತಿಳಿದಿಲ್ಲ, 9(−7) ಎಂಬುದನ್ನು 9 − 7 ಎಂದು ಓದಿದ್ದಾಳೆ. ಮತ್ತೊಬ್ಬ −763 ಬರೆಯುತ್ತಾನೆ: ಮೊದಲು 100 ಮತ್ತು 9 ಕೂಡಿ ಆಮೇಲೆ ಗುಣಿಸಿದ್ದಾನೆ. 30 ಎಂದು ಬರೆದ ಮಗು n ನಿಂದ ಒಂದು ಕಳೆಯುವುದನ್ನು ಮರೆತಿದೆ. ಈ ನಾಲ್ಕರಲ್ಲಿ ಹತ್ತನೇ ತರಗತಿಯ ತಪ್ಪು ಎನ್ನಬಹುದಾದದ್ದು ಕೊನೆಯದು ಮಾತ್ರ. ಉತ್ತರ ಪತ್ರಿಕೆಯಲ್ಲಿ ಮಾತ್ರ ನಾಲ್ಕಕ್ಕೂ ಒಂದೇ ಕೆಂಪು ಗೀಟು ಬೀಳುತ್ತದೆ.

ಇದು ಕೈತಪ್ಪೋ ತಿಳಿವಳಿಕೆಯ ತಪ್ಪೋ ಎಂದು ಗುರುತಿಸುವುದು ಕಷ್ಟವಲ್ಲ. ಅದೇ ಆಕಾರದ ಇನ್ನೊಂದು ಲೆಕ್ಕ ಕೊಡಬೇಕು, 50 + 4(−6) ಎನ್ನೋಣ. ಸರಿ ಉತ್ತರ 26. ಮೊದಲು 102 ಬರೆದವಳು ಈಗ 48 ಬರೆದರೆ, ಆವರಣದ ಅರ್ಥವೇ ಅವಳಿಗೆ ಹತ್ತಿಲ್ಲ ಎಂದಾಯಿತು. 26 ಬರೆದರೆ ಮೊದಲಿನದು ಅವಸರದ ತಪ್ಪು, ಅದಕ್ಕೆ ಪಾಠ ಬೇಡ. ಮದ್ದು ಕೂಡ ಒಬ್ಬೊಬ್ಬರಿಗೆ ಒಂದೊಂದು. 163 ಬರೆದವನು ಸಂಖ್ಯಾರೇಖೆಯ ಮೇಲೆ ನೂರರಿಂದ ಏಳೇಳರಂತೆ ಎಡಕ್ಕೆ ಹೆಜ್ಜೆ ಹಾಕಬೇಕು. −763 ಬರೆದವನು ಕೂಡುವ ಮೊದಲು ಗುಣಲಬ್ಧದ ಕೆಳಗೆ ಗೆರೆ ಎಳೆಯುವ ಅಭ್ಯಾಸ ಮಾಡಬೇಕು. ಐವತ್ತು–ಅರವತ್ತು ಮಕ್ಕಳ ತರಗತಿಯಲ್ಲಿ, ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ, ಪಾಠ ಮುಗಿಸುವ ಒತ್ತಡದಲ್ಲಿರುವ ಶಿಕ್ಷಕರಿಂದ ಇದು ಆಗದು. ಅದು ಅವರ ದೋಷವೂ ಅಲ್ಲ. ಹದಿನೈದು–ಇಪ್ಪತ್ತು ಮಕ್ಕಳ ಗುಂಪು ಎಂದು ಪ್ರಸ್ತಾವದಲ್ಲಿ ಹೇಳಿದ್ದು ಈ ಕಾರಣಕ್ಕೆ.

ಇಂಥ ತರಗತಿಯಿಂದ ಎಲ್ಲವೂ ಸರಿಹೋಗುವುದಿಲ್ಲ. ಪ್ರಶ್ನೆಯ ವಾಕ್ಯವನ್ನೇ ಓದಿ ಅರ್ಥಮಾಡಿಕೊಳ್ಳಲಾಗದ ಮಗುವಿಗೆ ಮೊದಲು ಬೇಕಾದದ್ದು ಓದು, ಲೆಕ್ಕ ಆಮೇಲೆ. ಪ್ರಮೇಯಗಳ ಸಾಧನೆ ಶಾಲೆಯ ಶಿಕ್ಷಕರ ಕೈಯಲ್ಲೇ ಇರುವುದು ಒಳ್ಳೆಯದು. ಎರಡು ಕಡೆ ಎರಡು ರೀತಿ ಹೇಳಿಕೊಟ್ಟರೆ ಮಗು ಗೊಂದಲಕ್ಕೆ ಬೀಳುತ್ತದೆ.

ಶಾಲೆ ಈಗ ನೆಚ್ಚಿಕೊಂಡಿರುವುದು ಜನವರಿಯ ನಂತರದ ವಿಶೇಷ ತರಗತಿ ಮತ್ತು ‘ಪಾಸಿಂಗ್ ಪ್ಯಾಕೇಜ್’. ಖಚಿತವಾಗಿ ಬರುವ ಪ್ರಶ್ನೆಗಳನ್ನು ಆರಿಸಿ ಉರು ಹೊಡೆಸುವ ಈ ಪದ್ಧತಿಗೆ ಅದರದೇ ಉಪಯೋಗವಿದೆ. ಎಂಬತ್ತು ಅಂಕದ ಪತ್ರಿಕೆಯಲ್ಲಿ ಹಂತಹಂತಕ್ಕೂ ಅಂಕವಿರುವುದರಿಂದ ಸೂತ್ರ ಬರೆದ ಮಗುವಿಗೂ ಅಷ್ಟಿಷ್ಟು ದಕ್ಕುತ್ತದೆ. ಆದರೆ ಅದು ಎಷ್ಟು ದೂರ ಒಯ್ಯುತ್ತದೆ ಎಂಬುದು 2024ರಲ್ಲಿ ಕಂಡಿತು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ ಆ ವರ್ಷ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ, ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು. ಒಂಬತ್ತನೇ ತರಗತಿಯಲ್ಲೇ 9(−7) ಬಿಡಿಸಲು ಕಲಿತ ಮಗುವಿಗೆ ಪ್ಯಾಕೇಜಿನ ಹಂಗಿಲ್ಲ.

ಕೀಲಿ ಕೊಡದ್ದಕ್ಕೆ ಮೊದಲು ಬಂದ ಕಾರಣ ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳುವುದನ್ನು ನಿಷೇಧಿಸುತ್ತದೆ, ನಿಜ. ಶಾಲೆಯಲ್ಲಿ ಪಾಠ ಹೇಳುವವರೇ ಸಂಜೆ ಅದೇ ಮಕ್ಕಳಿಂದ ದುಡ್ಡು ಪಡೆಯಬಾರದೆಂಬುದು ಅದರ ಆಶಯ. ಸೇವೆಯಿಂದ ನಿವೃತ್ತರಾದವರು ಕಾಸು ಪಡೆಯದೆ, ಶಾಲೆಯ ಒಪ್ಪಿಗೆಯಿಂದ, ಶಾಲೆಯಲ್ಲೇ ಹೇಳುವ ಪಾಠಕ್ಕೆ ಅದು ಅಡ್ಡಿಯಾಗುವುದಿಲ್ಲ. ಎರಡನೆಯ ಕಾರಣ ಮಕ್ಕಳ ಸುರಕ್ಷತೆ. ಇದು ತೂಕದ ಮಾತು. ಆದ್ದರಿಂದಲೇ ಶಾಲಾ ಸಿಬ್ಬಂದಿಯಲ್ಲಿ ಒಬ್ಬ ಮಹಿಳೆ ಹಾಜರಿರಬೇಕು, ಬಾಗಿಲು ತೆರೆದಿರಬೇಕು, ಪೋಷಕರ ಲಿಖಿತ ಒಪ್ಪಿಗೆ ಇರಬೇಕು ಎಂದು ಅರ್ಜಿಯಲ್ಲೇ ಬರೆಯಲಾಗಿತ್ತು. ಆ ಪುಟವನ್ನು ಯಾರಾದರೂ ಓದಿದ ಗುರುತಿಲ್ಲ. ಮೂರನೆಯ ಕಾರಣ ವಾಚ್‌ಮನ್ ಇಲ್ಲ ಎಂಬುದು.

ವಾಚ್‌ಮನ್ ಆಮೇಲೆ ಸಿಕ್ಕಿದರು. ದಸರಾ ರಜೆ ಮುಗಿಯುವಷ್ಟರಲ್ಲಿ ಅದೇ ಎರಡು ಕೊಠಡಿಗಳಲ್ಲಿ, ಅದೇ ಶನಿವಾರ ಮಧ್ಯಾಹ್ನ, ಪ್ರವೇಶ ಪರೀಕ್ಷೆಗೆ ತಯಾರು ಮಾಡುವ ಖಾಸಗಿ ಕೋಚಿಂಗ್ ಸಂಸ್ಥೆಯೊಂದರ ತರಗತಿ ಶುರುವಾಗಿತ್ತು. ಗೇಟಿಗೆ ಫ್ಲೆಕ್ಸ್ ಕಟ್ಟಲಾಗಿತ್ತು. ಉಚಿತ ಪಾಠಕ್ಕೆ ಅಡ್ಡಬಂದ ಕಾನೂನು, ಸುರಕ್ಷತೆ, ಬೀಗ ಯಾವುದೂ ಬಾಡಿಗೆಯ ಪಾಠಕ್ಕೆ ಅಡ್ಡ ಬರಲಿಲ್ಲ. ಕೊಠಡಿ ಬಾಡಿಗೆಗೆ ಕೊಡುವುದು ಆಡಳಿತ ಮಂಡಳಿಯ ಅಧಿಕಾರ ಇರಬಹುದು. ಆದರೆ ಅದನ್ನು ಜೂನ್ ಸಭೆಯಲ್ಲೇ ಹೇಳಿದ್ದರೆ, ಗವಿಪುರ ಗುಟ್ಟಹಳ್ಳಿಯಿಂದ, ಪಾದರಾಯನಪುರದಿಂದ ಮಕ್ಕಳನ್ನು ಕರೆತಂದು ಹೆಸರು ಬರೆಸಿದ ತಾಯಂದಿರು ಅರ್ಧ ದಿನದ ಕೂಲಿ ಬಿಡುತ್ತಿರಲಿಲ್ಲ. ಕೊಡುವುದಿಲ್ಲ ಎನ್ನುವ ಧೈರ್ಯವಿಲ್ಲದವರು ಕೊಡುತ್ತೇವೆ ಎನ್ನಬಾರದಿತ್ತು.

ಈ ಭಾಗದಲ್ಲಿ ವಿದ್ಯಾಸಂಸ್ಥೆಯ ಕಟ್ಟಡವನ್ನು ಊರಿಗೆ ತೆರೆದಿಟ್ಟ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಆರಂಭಿಸಿದರು. ಅಲ್ಲಿನ ವಾರದ ವಿಜ್ಞಾನ ಉಪನ್ಯಾಸಕ್ಕೆ ಯಾರು ಬೇಕಾದರೂ ಹೋಗಿ ಕೂರಬಹುದು. ಇಂದು ಮಲ್ಲೇಶ್ವರದಿಂದ ಚಾಮರಾಜಪೇಟೆಯವರೆಗೆ ಹಳೆಯ ಶಾಲೆಗಳ ಕೊಠಡಿಗಳು ರಜಾದಿನಗಳಲ್ಲಿ ಯಾರ ಪಾಲಾಗುತ್ತಿವೆ, ಆ ಬಾಡಿಗೆ ಎಲ್ಲಿಗೆ ಹೋಗುತ್ತಿದೆ ಎಂದು ಕೇಳುವವರಿಲ್ಲ. ಸರ್ಕಾರದ ಅನುದಾನದಿಂದ ಸಂಬಳ ನಡೆಯುವ ಶಾಲೆಗಳಾದರೂ ಇದರ ಲೆಕ್ಕವನ್ನು ನೋಟಿಸ್ ಬೋರ್ಡಿನಲ್ಲಿ ಹಾಕಬೇಕು.

ಪ್ರಾಂಶುಪಾಲರಿಂದ ಬೇಕಿರುವುದು ಒಂದು ಲಿಖಿತ ಉತ್ತರ: ಶನಿವಾರ ಎರಡರಿಂದ ಮೂರೂವರೆಯವರೆಗೆ ಕೊಠಡಿ ಉಂಟೋ ಇಲ್ಲವೋ. ಇಲ್ಲವೆಂದಾದರೂ ಒಂದು ಕೆಲಸ ಬಾಕಿ ಇದೆ. ಅನುಮತಿ ಪಡೆದೇ ಒಂಬತ್ತನೇ ತರಗತಿಯ ಮಕ್ಕಳಿಂದ ಬರೆಸಿದ ಪೂರ್ವಪರೀಕ್ಷೆಯ ಹಾಳೆಗಳು, ಯಾವ ಮಗು ಯಾವ ತಪ್ಪು ಮಾಡಿದೆ ಎಂಬ ಪಟ್ಟಿಯ ಸಮೇತ, ಪ್ರಾಂಶುಪಾಲರ ಕೊಠಡಿಯ ಬೀರುವಿನಲ್ಲಿವೆ. ಅವನ್ನು ಶಾಲೆಯ ಗಣಿತ ಶಿಕ್ಷಕರಿಗೆ ಕೊಡಬೇಕು, ಅದೂ ಈ ಸೆಮಿಸ್ಟರ್ ಮುಗಿಯುವ ಮೊದಲು.