ಅಜ್ಜಿಯ ಕೈ ಎಲ್ಲಿ ಹೋಯ್ತು?

ಯುಗಾದಿಗೆ ಊರಿಗೆ ಹೋದಾಗ ಸಿರಸಂಗಿ ಕಾಳಮ್ಮನ ಗುಡಿ ಮುಂದೆ ಮನೆಮಂದಿಯೆಲ್ಲ ಸೇರಿ ಮೊಬೈಲ್‌ನಲ್ಲಿ ಒಂದು ಅಡ್ಡ ಫೋಟೋ ತೆಗೆಸಿಕೊಂಡ್ವಿ. 6×4 ಇಂಚಿನ ಬಾರ್ಡರ್‌ಲೆಸ್ ಪ್ರಿಂಟ್ ಹಾಕಿಸಿದೆ. ನೋಡಿದ್ರೆ ಮೇಲೆ ಗುಡಿಯ ಕಳಸ ಇಲ್ಲ, ಕೆಳಗೆ ಮುಂದೆ ಕೂತಿದ್ದ ಅಜ್ಜಿಯ ಕೈ ಇಲ್ಲ. "ನನ್ನ ಕೈ ಯಾಕ ಕಡದಾರೋ?" ಅಂದಳು ಅಜ್ಜಿ.

ಮೊದಲು ಪ್ರಿಂಟರ್‌ಗೆ ಬೈದೆ. ಆಮೇಲೆ ಲೆಕ್ಕ ಹಾಕಿದೆ. ಮೊಬೈಲ್ ಫೋಟೋ 4:3, ಪೇಪರ್ 3:2. ಈ ಪೇಪರ್ ಅಳತೆ ಹಳೇ 35 ಎಂಎಂ ಫಿಲ್ಮಿನ 36×24 ಫ್ರೇಮಿಗೆ ಸರಿಯಾಗಿ ಕೂರುತ್ತೆ, ನಮ್ಮ ಮೊಬೈಲಿಗಲ್ಲ. 6 ಇಂಚು ಅಗಲ ತುಂಬಿಸಿದ್ರೆ ಎತ್ತರ 4.5 ಇಂಚು ಬೇಕು, ಇರೋದು 4. ಮೇಲೆ ಕಾಲಿಂಚು, ಕೆಳಗೆ ಕಾಲಿಂಚು ಹೋಯ್ತು. ಅಂದ್ರೆ ಫೋಟೋದ ಒಂಬತ್ತನೇ ಒಂದು ಭಾಗ! ಸಾಲದ್ದಕ್ಕೆ, ಅಂಚಲ್ಲಿ ಬಿಳಿ ಗೆರೆ ಉಳೀಬಾರದು ಅಂತ ಬಾರ್ಡರ್‌ಲೆಸ್‌ನಲ್ಲಿ ಪ್ರಿಂಟರ್ ಚಿತ್ರವನ್ನ ಪೇಪರಿಗಿಂತ ಸ್ವಲ್ಪ ದೊಡ್ಡದು ಮಾಡುತ್ತೆ. ಹಾಗಾಗಿ ಮೊದಲೇ 3:2ಕ್ಕೆ ಕ್ರಾಪ್ ಮಾಡಿಕೊಟ್ರೂ ಅಂಚು ಒಂದಿಷ್ಟು ಹೋಗೇ ಹೋಗುತ್ತೆ.

ನನ್ನ ತಕರಾರು ಇಷ್ಟೇ: ಏನು ಕತ್ತರಿಸಬೇಕು ಅನ್ನೋದು ಫೋಟೋದವರ ತೀರ್ಮಾನ, ಸಾಫ್ಟ್‌ವೇರಿಂದಲ್ಲ. ಅದಕ್ಕೆ ಅಜ್ಜಿಯ ಕೈಯೂ ಒಂದೇ, ಖಾಲಿ ಆಕಾಶವೂ ಒಂದೇ. ಅಂಗಡಿಯವರು ಪ್ರಿಂಟ್ ಕೊಡೋ ಮುಂಚೆ ಪ್ರಿವ್ಯೂ ತೋರಿಸಲಿ.

ಎರಡನೇ ಸಲ 'ಫಿಟ್' ಹಾಕಿಸಿದೆ. ಎಡಕ್ಕೆ, ಬಲಕ್ಕೆ ಮೂರನೇ ಒಂದು ಇಂಚು ಬಿಳಿ ಪಟ್ಟಿ. "ಚಂದ ಕಾಣಲ್ಲ ನೋಡ್ರಿ" ಅಂದ್ರು ಅಂಗಡಿಯವರು. ಇರಲಿ ಬಿಡ್ರಿ ಅಂದೆ.