ಗುರುಗ್ರಾಮಕ್ಕೆ ಹೋಗುವುದು ಪ್ರವಾಸವೋ, ಕಚೇರಿಗೆ ಹಾಜರಾಗುವುದೋ?

ವಾಸ್ಕೋದಿಂದ ಹೊರಡುವ ಗೋವಾ ಎಕ್ಸ್‌ಪ್ರೆಸ್ ಸಂಜೆ ಬೆಳಗಾವಿ ದಾಟಿದರೆ ಎರಡು ರಾತ್ರಿ, ಒಂದು ಹಗಲು ಓಡಿ ಮೂರನೇ ದಿನ ಬೆಳಿಗ್ಗೆ ಹಜರತ್ ನಿಜಾಮುದ್ದೀನ್ ಮುಟ್ಟುತ್ತದೆ. ಸುಮಾರು ಎರಡು ಸಾವಿರ ಕಿಲೋಮೀಟರು. ಅಲ್ಲಿಂದ ಪಿಂಕ್ ಲೈನ್ ಮೆಟ್ರೋ ಹತ್ತಿ, ದಿಲ್ಲಿ ಹಾಟ್–ಐಎನ್‌ಎಯಲ್ಲಿ ಯೆಲ್ಲೋ ಲೈನಿಗೆ ಬದಲಾಯಿಸಿ ಗುರುಗ್ರಾಮ ಸೇರಬೇಕು. ಬೆಳಗಾವಿಯ ಮನೆಯಲ್ಲಿ ಕುಳಿತು ಅಲ್ಲಿನ ಕಂಪನಿಗೆ ದುಡಿಯುವ ಒಬ್ಬ ಇಂಜಿನಿಯರ್ ಮೂರು ತಿಂಗಳಿಗೊಮ್ಮೆ ಹೀಗೆ ಹೋಗಿಬರುತ್ತಾನೆ ಎಂದುಕೊಳ್ಳಿ. ಅವನ ಕಂಪನಿಯ ಲೆಕ್ಕದಲ್ಲಿ ಅವನು ಎಲ್ಲಿಗೂ ಹೋಗಿಲ್ಲ. ಅವನು ಕಚೇರಿಗೆ ಬಂದಿದ್ದಾನೆ, ಅಷ್ಟೇ.

ಎಡವಟ್ಟು ಇರುವುದು ನೇಮಕಾತಿ ಪತ್ರದ ಒಂದೇ ಸಾಲಿನಲ್ಲಿ. 'ಕೆಲಸದ ಸ್ಥಳ: ಗುರುಗ್ರಾಮ. ಸದ್ಯಕ್ಕೆ ಮನೆಯಿಂದ ಕೆಲಸ ಮಾಡಲು ಅನುಮತಿಸಲಾಗಿದೆ.' ಸಂದರ್ಶನದಲ್ಲಿ 'ಎಲ್ಲಿಂದ ಬೇಕಾದರೂ ಕೆಲಸ ಮಾಡಿ' ಎಂದು ಹೇಳಿದವರೇ ಈ ಸಾಲನ್ನೂ ಬರೆದಿರುತ್ತಾರೆ. ಸಹಿ ಹಾಕುವಾಗ ಯಾರೂ ಇದನ್ನು ಎರಡನೇ ಸಲ ಓದುವುದಿಲ್ಲ. ಸಂಬಳದ ಅಂಕಿಯ ಮೇಲೆ ಕಣ್ಣಿಟ್ಟವರಿಗೆ ಊರಿನ ಹೆಸರು ವಿಳಾಸದ ಹಾಗೆ ಕಾಣುತ್ತದೆ. ಆದರೆ ಮುಂದಿನ ಎಲ್ಲ ಜಗಳವೂ ಹುಟ್ಟುವುದು ಅಲ್ಲಿಯೇ.

ಸರ್ಕಾರಿ ನೌಕರಿಯವರಿಗೆ ಇದು ಹೊಸ ವಿಷಯವಲ್ಲ. ಅಲ್ಲಿ ಪ್ರತಿ ನೌಕರನಿಗೂ ಒಂದು 'ಕೇಂದ್ರಸ್ಥಾನ' ಇರುತ್ತದೆ. ಅವನ ಕೆಲಸದ ಜಾಗದಿಂದ 8 ಕಿಲೋಮೀಟರಿನ ಆಚೆ ಇಲಾಖೆ ಕಳಿಸಿದರೆ ಅದು ಪ್ರವಾಸ. ಭತ್ಯೆ ಕೊಡಬೇಕು, ಹೋದ ದಿನಗಳನ್ನು ಕೆಲಸದ ದಿನಗಳೆಂದು ಎಣಿಸಬೇಕು. ಧಾರವಾಡದಿಂದಲೋ ಮಂಡ್ಯದಿಂದಲೋ ದಿಲ್ಲಿಗೆ ಹೋಗಿ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಗುಮಾಸ್ತರಾಗಿ, ಅಧಿಕಾರಿಗಳಾಗಿ ಬಾಳು ಸವೆಸಿದ ಕನ್ನಡಿಗರ ತಲೆಮಾರಿಗೆ ಇನ್ನೂ ಒಂದು ಹಕ್ಕಿತ್ತು. 1956ರಿಂದ ಜಾರಿಗೆ ಬಂದ ರಜೆ ಪ್ರಯಾಣ ರಿಯಾಯಿತಿಯಲ್ಲಿ ನೌಕರ ತನ್ನ ಸ್ವಂತ ಊರು ಯಾವುದೆಂದು ಬರೆದುಕೊಟ್ಟರೆ, ಆ ಊರಿಗೆ ಕುಟುಂಬ ಸಮೇತ ಹೋಗಿಬರುವ ಟಿಕೆಟ್ಟಿನ ಹಣವನ್ನು ಎರಡು ವರ್ಷಕ್ಕೊಮ್ಮೆ ಸರ್ಕಾರ ಭರಿಸುತ್ತಿತ್ತು. ಈಗಲೂ ಭರಿಸುತ್ತದೆ. ಮನೆಯಿಂದ ದೂರ ಇಟ್ಟುಕೊಂಡು ದುಡಿಸುವವನು ಆ ದೂರದ ಬೆಲೆಯಲ್ಲಿ ಪಾಲು ಹೊರಬೇಕು ಎಂಬ ಸರಳ ನ್ಯಾಯ ಅದರ ಹಿಂದಿದೆ. ಇಂದು ಊರಿನಲ್ಲೇ ಉಳಿದವನು ಕಚೇರಿಗೆ ಹೋಗುವ ಟಿಕೆಟ್ಟನ್ನು ತಾನೇ ಕೊಳ್ಳುತ್ತಾನೆ. ದೂರ ಅಷ್ಟೇ ಇದೆ, ಬಿಲ್ಲು ಮಾತ್ರ ಇನ್ನೊಂದು ಮನೆಗೆ ಬಂದಿದೆ.

ಆ ಬಿಲ್ಲನ್ನು ಒಮ್ಮೆ ಬಿಡಿಸಿ ನೋಡಬೇಕು. ನಮ್ಮ ಇಂಜಿನಿಯರನ ಸಂಬಳ ವರ್ಷಕ್ಕೆ 18 ಲಕ್ಷ ಎಂದಿಟ್ಟುಕೊಳ್ಳೋಣ. ಒಂದು ಭೇಟಿಗೆ ಎಸಿ ರೈಲಿನ ಹೋಗಿಬರುವ ಟಿಕೆಟ್ಟು 6,500, ಮೂರು ರಾತ್ರಿಯ ಹೋಟೆಲ್ಲು 10,500, ಊಟ ಮತ್ತು ಓಡಾಟ 3,000. ಒಟ್ಟು 20,000 ರೂಪಾಯಿ. ವರ್ಷಕ್ಕೆ ನಾಲ್ಕು ಭೇಟಿ ಎಂದರೆ 80,000. ಇದು ತೆರಿಗೆ ಕಟ್ಟಿ ಉಳಿದ ಹಣ. 2025-26ರ ಹೊಸ ಪದ್ಧತಿಯಲ್ಲಿ ಆ ಸಂಬಳದ ಮೇಲಿನ ಪದರಕ್ಕೆ ಶೇ. 20 ತೆರಿಗೆ, ಅದರ ಮೇಲೆ ಸೆಸ್. ಹಾಗಾಗಿ 80,000 ಕೈಗೆ ಬರಬೇಕಾದರೆ ಸುಮಾರು 1 ಲಕ್ಷ ರೂಪಾಯಿ ಸಂಬಳ ದುಡಿಯಬೇಕು.

ಕಂಪನಿ ಕರುಣೆ ತೋರಿ ಆ ಹಣ ಕೊಟ್ಟಿತು ಎನ್ನೋಣ. ಆಗಲೂ ಆ ಸಾಲು ಬಿಡುವುದಿಲ್ಲ. ಕೆಲಸದ ಮೇಲೆ ಬೇರೆ ಊರಿಗೆ ಹೋದ ಪ್ರವಾಸ ಭತ್ಯೆಯನ್ನು ನಿಜವಾಗಿ ಖರ್ಚಾದಷ್ಟಕ್ಕೆ ತೆರಿಗೆಯಿಂದ ಬಿಡಲಾಗುತ್ತದೆ. ಮನೆಯಿಂದ ಕಚೇರಿಗೆ ಹೋಗುವ ಖರ್ಚಿಗೆ ಕೊಟ್ಟ ಹಣ ಮಾಮೂಲಾಗಿ ಸಂಬಳದ ಭಾಗ. ಪತ್ರದಲ್ಲಿ ಕೆಲಸದ ಸ್ಥಳ ಗುರುಗ್ರಾಮ ಎಂದಿದ್ದರೆ ಬೆಳಗಾವಿಯಿಂದ ಅಲ್ಲಿಗೆ ಹೋಗುವುದು ಯಾವ ಲೆಕ್ಕ? ಎರಡು ಸಾವಿರ ಕಿಲೋಮೀಟರಿನ ದಿನನಿತ್ಯದ ಓಡಾಟವೆಂಬ ವಿಚಿತ್ರ ಪ್ರಾಣಿ ಹುಟ್ಟುವುದು ಹೀಗೆ. ಕೊಟ್ಟ 80,000ದಲ್ಲಿ 16,640 ತೆರಿಗೆಗೆ ಹೋಗುತ್ತದೆ.

ಹಣಕ್ಕಿಂತ ಹೆಚ್ಚು ಕಾಡುವುದು ದಿನಗಳ ಲೆಕ್ಕ. ಶನಿವಾರ ಸಂಜೆ ಹೊರಟು ಸೋಮವಾರ ಬೆಳಿಗ್ಗೆ ತಲುಪಿದರೆ ಭಾನುವಾರ ರೈಲಿನಲ್ಲಿ ಹೋಯಿತು. ಬುಧವಾರ ಸಂಜೆಯವರೆಗೆ ಸಭೆ. ಗುರುವಾರ ಮಧ್ಯಾಹ್ನದ ಗಾಡಿ ಹಿಡಿದರೆ ಶುಕ್ರವಾರವೂ ದಾರಿಯಲ್ಲೇ. ಗುರುವಾರ, ಶುಕ್ರವಾರ ಎರಡೂ ರಜೆ ಎಂದು ಬರೆಸಬೇಕು, ಏಕೆಂದರೆ ಕಚೇರಿಗೆ ಹೋಗುವ ದಾರಿಯನ್ನು ಯಾವ ಕಂಪನಿ ಕೆಲಸವೆಂದು ಎಣಿಸುತ್ತದೆ? ನಾಲ್ಕು ಭೇಟಿಗೆ ಎಂಟು ದಿನದ ರಜೆ ಕರಗಿತು. ವರ್ಷದ ಕೊನೆಗೆ ಮನೆಯಲ್ಲಿ ಮದುವೆ ಬಂದಾಗ 'ಮನೆಯಲ್ಲೇ ಇರೋ ಮಗನಿಗೆ ರಜೆ ಇಲ್ಲಂದ್ರ ಹೆಂಗೋ' ಎಂದು ಅವ್ವ ಕೇಳಿದರೆ ಅವನ ಬಳಿ ಉತ್ತರವಿರುವುದಿಲ್ಲ.

ಹೋಗದಿದ್ದರೆ ಆಯಿತಲ್ಲ ಎಂದು ಹೇಳುವವರು ಆ ಮೂರು ದಿನಗಳಲ್ಲಿ ಏನು ನಡೆಯುತ್ತದೆ ಎಂದು ನೋಡಿಲ್ಲ. ಮುಂದಿನ ಪ್ರಾಜೆಕ್ಟು ಯಾರ ಪಾಲಿಗೆ, ಯಾವ ತಂಡ ಮುಚ್ಚುತ್ತದೆ, ಹೊಸ ಮ್ಯಾನೇಜರ್ ಯಾರು ಎಂಬುದು ಸಭೆಯ ನಡುವಿನ ಚಹಾದ ಹೊತ್ತಿಗೆ ಗೊತ್ತಾಗುತ್ತದೆ. ಭೇಟಿ ಬೇಕು. ಅದು ಕಂಪನಿಯ ಕೆಲಸಕ್ಕೇ ಬೇಕಾದ ಭೇಟಿ. ಹಾಗಿದ್ದ ಮೇಲೆ ಅದರ ಖರ್ಚು ಕಂಪನಿಯದಲ್ಲ ಎನ್ನುವುದು ಯಾವ ನ್ಯಾಯ?

ಕಂಪನಿಗಳದೂ ಒಂದು ವಾದವಿದೆ, ಅದನ್ನು ಪೂರ್ತಿ ತಳ್ಳಿಹಾಕಲಾಗದು. ಗುರುಗ್ರಾಮದಲ್ಲೇ ಕೆಲಸಕ್ಕೆ ಸೇರಿ, ಅಲ್ಲಿನ ಬಾಡಿಗೆಗೆ ತಕ್ಕ ಸಂಬಳ ಪಡೆದು, ಆಮೇಲೆ ತನ್ನ ಅನುಕೂಲಕ್ಕೆ ಊರಿಗೆ ಮರಳಿದವನು ಟಿಕೆಟ್ಟಿನ ಹಣ ಕೇಳಿದರೆ ಅವನ ಕೇಳಿಕೆಯಲ್ಲಿ ಬಲ ಕಡಿಮೆ. ಆದರೆ ಬೆಳಗಾವಿಯಲ್ಲಿ ಇದ್ದವನನ್ನು ಬೆಳಗಾವಿಯಲ್ಲೇ ಇರುತ್ತಾನೆ ಎಂದು ತಿಳಿದೇ ನೇಮಿಸಿಕೊಂಡು, 'ನಿಮ್ಮ ಊರಿನಲ್ಲಿ ಖರ್ಚು ಕಡಿಮೆಯಲ್ಲವೇ' ಎಂದು ಸಂಬಳ ಇಳಿಸಿ, ಪತ್ರದಲ್ಲಿ ಮಾತ್ರ ಗುರುಗ್ರಾಮ ಎಂದು ಬರೆಯುವುದು ಬೇರೆ ಮಾತು. ಸಂಬಳ ನಿಗದಿ ಮಾಡುವಾಗ ಅವನು ಬೆಳಗಾವಿಯವನು, ಪ್ರಯಾಣದ ಬಿಲ್ಲು ಬಂದಾಗ ಗುರುಗ್ರಾಮದವನು. ಒಂದೇ ಬಾಯಲ್ಲಿ ಎರಡು ಊರು ಹೇಳುವವರನ್ನು ಸಂತೆಯಲ್ಲಿ ಯಾರೂ ನಂಬುವುದಿಲ್ಲ. ಮಾನವ ಸಂಪನ್ಮೂಲ ವಿಭಾಗದಲ್ಲಿ ಅದಕ್ಕೆ ನೀತಿ ಎಂಬ ಹೆಸರಿದೆ.

ತಾನು ಕಾಗದದ ಮೇಲೆ ಎಲ್ಲಿದ್ದೇನೆ ಎಂದು ತಿಳಿಯಲು ಸಂಬಳದ ಚೀಟಿಯೂ ಒಂದು ಸುಳಿವು ಕೊಡುತ್ತದೆ. ಕರ್ನಾಟಕದಲ್ಲಿ ವೃತ್ತಿ ತೆರಿಗೆ ಇದೆ, ತಿಂಗಳಿಗೆ 200 ರೂಪಾಯಿ ಕಡಿತವಾಗುವುದು ರೂಢಿ. ಹರಿಯಾಣದಲ್ಲಿ ಆ ತೆರಿಗೆಯೇ ಇಲ್ಲ. ಬೆಳಗಾವಿಯಲ್ಲಿ ಕುಳಿತವನ ಚೀಟಿಯಲ್ಲಿ ಆ ಕಡಿತ ಕಾಣದಿದ್ದರೆ ಕಂಪನಿ ಅವನನ್ನು ಗುರುಗ್ರಾಮದ ಕುರ್ಚಿಯಲ್ಲಿ ಕೂರಿಸಿದೆ ಎಂದು ಶಂಕಿಸಬಹುದು. ಆಗ ಪತ್ರವನ್ನು ಹೊರತೆಗೆದು ಓದಬೇಕು.

ಕೇಳಬೇಕಾದ ತಿದ್ದುಪಡಿ ದೊಡ್ಡದೇನಲ್ಲ. ಕೆಲಸದ ಸ್ಥಳ ಬೆಳಗಾವಿ. ಕಂಪನಿ ಕರೆದಾಗ ಗುರುಗ್ರಾಮಕ್ಕೆ ಹೋಗುವುದು ಪ್ರವಾಸ. ದಾರಿಯ ದಿನಗಳು ಕೆಲಸದ ದಿನಗಳು. ಸೇರುವ ಮುನ್ನ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು, ಸೇರಿದ ಮೇಲೆ ಕೇಳಿದವನು ಜಗಳಗಂಟ. ಇದು ಕವಚವೂ ಅಲ್ಲ. ಯಾವ ಊರಿಗಾದರೂ ವರ್ಗಾಯಿಸಬಹುದು ಎಂಬ ಷರತ್ತು ಬಹುತೇಕ ಪತ್ರಗಳಲ್ಲಿ ಕೆಳಗಡೆ ಇದ್ದೇ ಇರುತ್ತದೆ. ಆದರೆ ಸ್ಥಳ ಬೆಳಗಾವಿ ಎಂದಿದ್ದರೆ 'ಮುಂದಿನ ತಿಂಗಳಿಂದ ಎಲ್ಲರೂ ಕಚೇರಿಗೆ ಬನ್ನಿ' ಎಂಬ ಮಿಂಚಂಚೆಗೆ ವರ್ಗಾವಣೆ ಎಂಬ ಸರಿಯಾದ ಹೆಸರು ಸಿಗುತ್ತದೆ. ಮನೆ ಸಾಗಿಸುವ ಖರ್ಚು, ಕಾಲಾವಕಾಶ, ಗುರುಗ್ರಾಮದ ಬಾಡಿಗೆಗೆ ತಕ್ಕ ಸಂಬಳ, ಇವನ್ನು ಕೇಳಲು ನೆಲ ಸಿಗುತ್ತದೆ. ಸ್ಥಳ ಗುರುಗ್ರಾಮ ಎಂದಿದ್ದರೆ ಅವನನ್ನು ಯಾರೂ ವರ್ಗ ಮಾಡಿಲ್ಲ. ಕೊಟ್ಟಿದ್ದ ಅನುಮತಿಯನ್ನು ವಾಪಸು ಪಡೆದಿದ್ದಾರೆ, ಅಷ್ಟೇ. ಅವನು ಇಷ್ಟು ದಿನ ಕಚೇರಿಗೆ ಬಾರದೆ ಇದ್ದವನು.